ಬೆಂಚಿನ ಮೇಲಿನ ಕೆಂಪು ಬೊಟ್ಟು

ಮಧ್ಯಾಹ್ನದ ಊಟದ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಕಿಟಕಿಯ ಪಕ್ಕದ ಉದ್ದನೆಯ ಮರದ ಬೆಂಚಿನ ಮುಂದೆ ಸೂಜಿಗಲ್ಲು ಹಿಡಿದು ಮಂಡಿಯೂರಿ ಕುಳಿತಿದ್ದ ಎರಡು ಜಡೆಯ ಹುಡುಗಿ ಜೋರಾಗಿ ಹೇಳಿದಳು: “ಟೀಚರ್, ಬೆಂಚು ಎಳೆಯುತ್ತಿದೆ.”

ಬೆಂಚು ಮರದ್ದು, ಮರ ಎಳೆಯುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಾಗಿಲ ಬಳಿ ಇಬ್ಬರು ಹುಡುಗರು ಒಂದೇ ಚಿಲಕಕ್ಕಾಗಿ ಕಿತ್ತಾಡತೊಡಗಿದರು, ಮಾತು ಬಾಯಲ್ಲೇ ಉಳಿಯಿತು, ಅತ್ತ ಓಡಿದೆ. ಜಗಳ ಬಿಡಿಸಿ ತಿರುಗಿ ಬರುವ ಹೊತ್ತಿಗೆ ಅವಳು ಬೆಂಚಿನ ಹಲಗೆಯ ಮೇಲೆ ಒಂದು ಕೆಂಪು ಬೊಟ್ಟು ಅಂಟಿಸಿ ಮುಂದಿನ ಜಾಗಕ್ಕೆ ಹೋಗಿಯಾಗಿತ್ತು. ಆ ಜಗಳಕ್ಕೆ ನಾನು ಇಂದಿಗೂ ಋಣಿ. ಅದು ಆಗದೆ ಹೋಗಿದ್ದರೆ ಐದು ವರ್ಷದ ಒಂದು ಮಗುವಿಗೆ, ನಿನ್ನ ಕೈಗೆ ತಿಳಿದದ್ದು ಸುಳ್ಳು ಎಂದು ನಾನು ಹೇಳಿಬಿಡುತ್ತಿದ್ದೆ.

ನಾನು ಒಂದು ಸರ್ಕಾರಿ ಶಾಲೆಯ ಯುಕೆಜಿ ತರಗತಿಯನ್ನು ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ಮಕ್ಕಳು, ಒಂದು ಹಳೆಯ ಹಂಚಿನ ಕೊಠಡಿ. ಪ್ರತಿ ವರ್ಷ ಸೂಜಿಗಲ್ಲಿನ ಪಾಠವನ್ನು ಮೇಜಿನ ಮೇಲೆ ಹತ್ತು ವಸ್ತುಗಳನ್ನಿಟ್ಟು ಮುಗಿಸುತ್ತಿದ್ದೆ. ಮೊಳೆ, ಪಿನ್ನು, ಬೀಗದ ಕೈ ಒಂದು ಕಡೆ. ರಬ್ಬರ್, ಪೆನ್ಸಿಲ್, ಎಲೆ ಇನ್ನೊಂದು ಕಡೆ. ಹದಿನೈದು ನಿಮಿಷದಲ್ಲಿ ಎಲ್ಲ ಸರಿಯಾಗಿ ಬೇರ್ಪಡುತ್ತಿತ್ತು. ಸರಿಯಾಗಿ ಬೇರ್ಪಡುವ ವಸ್ತುಗಳನ್ನು ನಾನೇ ಆರಿಸಿ ಇಡುತ್ತಿದ್ದುದರಿಂದ ಹಾಗಾಗುತ್ತಿತ್ತು ಎಂಬುದು ಹೊಳೆಯಲು ಬಹಳ ವರ್ಷ ಬೇಕಾಯಿತು. ಈ ವರ್ಷ ಮೇಜನ್ನು ಬಿಟ್ಟು, ಕೊಠಡಿಯನ್ನೇ ಮಕ್ಕಳಿಗೆ ಒಪ್ಪಿಸಿದೆ. ಬಾಗಿಲಿನಿಂದ ಹೊರಟು ಕಿಟಕಿ, ಬೆಂಚು, ತಟ್ಟೆ-ಲೋಟದ ಗೂಡು, ಬೀರು, ಆಟಿಕೆಯ ಬುಟ್ಟಿ, ನೀರಿನ ಡ್ರಮ್ಮು ದಾಟಿ, ಕೊನೆಗೆ ಜಗಲಿಯಲ್ಲಿ ನೇತಾಡುವ ಗಂಟೆಯವರೆಗೆ ಎಂಟು ನಿಲ್ದಾಣಗಳ ದಾರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದು ನಿಲ್ದಾಣದಲ್ಲೂ ಒಂದು ವೃತ್ತ ಬರೆದೆ. ಮೂರು ದಿನ, ದಿನಕ್ಕೆ ನಲವತ್ತು ನಿಮಿಷ.

ಸೂಜಿಗಲ್ಲುಗಳನ್ನು ಅಂಗಡಿಯಿಂದ ತರಲಿಲ್ಲ. ರೇಡಿಯೋ, ಟಿವಿ ರಿಪೇರಿ ಮಾಡುವ ಅಂಗಡಿಯವರ ಬಳಿ ಕೆಟ್ಟ ಸ್ಪೀಕರುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಸ್ಪೀಕರಿನ ಹಿಂಭಾಗದಲ್ಲಿ ಎರಡು ಕಬ್ಬಿಣದ ತಟ್ಟೆಗಳ ನಡುವೆ ಕಪ್ಪು ಬಳೆಯಂಥ ಒಂದು ಕಲ್ಲು ಅಂಟಿಕೊಂಡಿರುತ್ತದೆ. ಅದೇ ಸೂಜಿಗಲ್ಲು. ಅದನ್ನು ಬಿಡಿಸಿಕೊಡಲು ಅವರಿಗೆ ಐದು ನಿಮಿಷ ಸಾಕು. ಕಬ್ಬಿಣದ ಆಕ್ಸೈಡಿನ ಪುಡಿಗೆ ಬೇರಿಯಮ್ ಅಥವಾ ಸ್ಟ್ರಾನ್ಷಿಯಂ ಸೇರಿಸಿ, ಅಚ್ಚಿನಲ್ಲಿ ಒತ್ತಿ, ಕುಂಬಾರರು ಮಡಕೆ ಸುಡುವಂತೆ ಕುಲುಮೆಯಲ್ಲಿ ಸುಟ್ಟು ಮಾಡುವ ವಸ್ತು ಇದು. ಹೆಸರು ಫೆರೈಟ್. ಸುಟ್ಟ ಮಣ್ಣಿನ ಗುಣ ಅದಕ್ಕೂ ಉಂಟು: ನೆಲಕ್ಕೆ ಬಿದ್ದರೆ ಚೂರಾಗುತ್ತದೆ, ಚೂರಿನ ಅಂಚು ಬೆರಳು ಕೊಯ್ಯುತ್ತದೆ. ಆದ್ದರಿಂದ ಅಂಗೈಯಷ್ಟು ಅಗಲದ ಐದು ಬಳೆಗಳಿಗೆ ಹಳೆಯ ಪಂಚೆಯ ಬಟ್ಟೆಯಲ್ಲಿ ಚೀಲ ಹೊಲಿದು, ಹಿಡಿಯಲು ಒಂದು ಪಟ್ಟಿಯನ್ನೂ ಸೇರಿಸಿದೆ. ನಾಲ್ಕೈದು ಮಕ್ಕಳಿಗೆ ಒಂದು ಚೀಲ.

ಮೊದಲು ನಾನು ಹೊಲಿದದ್ದು ದಪ್ಪ ಜೀನ್ಸ್ ಬಟ್ಟೆಯಲ್ಲಿ, ಎರಡು ಪದರ. ಅದು ಕೆಲಸಕ್ಕೆ ಬರಲಿಲ್ಲ. ಸೂಜಿಗಲ್ಲಿನ ಎಳೆತ ಸ್ವಲ್ಪ ದೂರ ಹೋದರೂ ತೀರ ಬೇಗ ಕುಗ್ಗುತ್ತದೆ. ಬಟ್ಟೆಯ ದಪ್ಪವೂ ಅದಕ್ಕೆ ದೂರವೇ. ಪಿನ್ನು, ಮೊಳೆ ಹಿಡಿಯುತ್ತಿದ್ದ ಚೀಲ, ಎಳೆತ ನವಿರಾಗಿರುವ ಕಡೆ ಏನೂ ಇಲ್ಲವೆಂದು ಹೇಳುತ್ತಿತ್ತು. ಒಂದೇ ಪದರದ ಪಂಚೆಯ ಬಟ್ಟೆಗೆ ಬದಲಿಸಿದ ಮೇಲೆ ಸರಿಹೋಯಿತು. ಇನ್ನೊಂದು ವಿಷಯವೂ ಇದೆ. ಈ ಬಳೆಗಳ ಬಲವೆಲ್ಲ ಚಪ್ಪಟೆ ಮುಖಗಳಲ್ಲಿರುತ್ತದೆ, ಸುತ್ತಿನ ಅಂಚಿನಲ್ಲಿ ಕಡಿಮೆ. ಮಕ್ಕಳು ಬಿಸ್ಕತ್ತು ಹಿಡಿದಂತೆ ಅಂಚನ್ನು ಮುಂದೆ ಮಾಡಿ ಹಿಡಿದರೆ ಗೊಂದಲವಾಗುತ್ತದೆ. ಹಿಡಿಪಟ್ಟಿಯನ್ನು ಚಪ್ಪಟೆ ಬೆನ್ನಿಗೆ ಹೊಲಿದರೆ ಇಸ್ತ್ರಿಪೆಟ್ಟಿಗೆ ಹಿಡಿದಂತೆ ಹಿಡಿಯುತ್ತಾರೆ, ಮುಖ ತಾನಾಗಿ ವಸ್ತುವಿನ ಕಡೆಗೆ ಬರುತ್ತದೆ.

ಆಟಿಕೆ ಅಂಗಡಿಗಳಲ್ಲಿ ಈಗ ಮಣಿಯಷ್ಟು ಪುಟ್ಟ, ಬೆಳ್ಳಿಯಂತೆ ಹೊಳೆಯುವ ಸೂಜಿಗಲ್ಲುಗಳು ಸಿಗುತ್ತವೆ. ನಿಯೋಡಿಮಿಯಂನವು. ಅವನ್ನು ಈ ವಯಸ್ಸಿನ ಮಕ್ಕಳ ಬಳಿ ಯಾರೂ ತರಬಾರದು ಎಂದು ಕೈಮುಗಿದು ಕೇಳುತ್ತೇನೆ. ಒಂದಾದ ಮೇಲೊಂದು ಎರಡನ್ನು ನುಂಗಿದರೆ, ಕರುಳಿನ ಎರಡು ಮಡಿಕೆಗಳಿಂದ ಅವು ಒಂದನ್ನೊಂದು ಎಳೆದು ನಡುವಿನ ಗೋಡೆಯನ್ನು ಹಿಂಡಿ ತೂತು ಮಾಡುತ್ತವೆ. ಹೊರಗೆ ಕಾಣುವುದು ಬರಿಯ ಹೊಟ್ಟೆನೋವು, ವಾಂತಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು, ಸೂಜಿಗಲ್ಲು ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮಗುವಿನ ಬಾಯಿಗೆ ಹಿಡಿಸದಷ್ಟು ದೊಡ್ಡ ಸ್ಪೀಕರ್ ಬಳೆಯನ್ನೇ ನಾನು ಆರಿಸಲು ಇದೇ ಮುಖ್ಯ ಕಾರಣ. ಪಿನ್ನು, ನಾಣ್ಯಗಳನ್ನು ಎಣಿಸಿ ಕೊಟ್ಟೆ, ಎಣಿಸಿ ತೆಗೆದುಕೊಂಡೆ.

ವಿಂಗಡಿಸಲು ಎರಡು ಮೊರ. ಕೆಂಪು ರಿಬ್ಬನ್ ಕಟ್ಟಿದ್ದು ಎಳೆಯುವ ವಸ್ತುಗಳಿಗೆ, ನೀಲಿ ಕಟ್ಟಿದ್ದು ಎಳೆಯದವಕ್ಕೆ. ಬಾಗಿಲು, ಕಿಟಕಿಗಳನ್ನು ಮೊರಕ್ಕೆ ಹಾಕಲಾಗುವುದಿಲ್ಲವಲ್ಲ, ಅದಕ್ಕೆ ಒಂದು ಉಪಾಯ ಮಾಡಿದೆ. ಜಾತ್ರೆಯಲ್ಲಿ ಸಿಗುವ ಸ್ಟಿಕರ್ ಬೊಟ್ಟಿನ ಹಾಳೆಗಳನ್ನು ತಂದೆ. ಎಲ್ಲಿ ಎಳೆಯುತ್ತದೋ ಅಲ್ಲೇ, ಸರಿಯಾಗಿ ಅದೇ ಜಾಗದಲ್ಲಿ, ಒಂದು ಕೆಂಪು ಬೊಟ್ಟು ಇಡಬೇಕು. ಈ ನಿಯಮ ಮಾಡುವಾಗ ಗೋಡೆ ಕೊಳೆಯಾಗದಿರಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಅದರಿಂದ ಏನೆಲ್ಲ ಹೊರಬರುತ್ತದೆ ಎಂದು ಗೊತ್ತಿರಲಿಲ್ಲ.

ಮೊದಲ ದಿನ ಮಾತಿನಲ್ಲೇ ಎಡವಿದೆ. “ಯಾವುದು ಅಂಟುತ್ತದೆ, ಯಾವುದು ಅಂಟುವುದಿಲ್ಲ ನೋಡಿ” ಎಂದು ಶುರುಮಾಡಿದೆ. ಪುಸ್ತಕಗಳಲ್ಲಿ, ನಮ್ಮ ಬಾಯಲ್ಲಿ ಎಲ್ಲ ಕಡೆಯೂ ಇರುವ ಮಾತು ಅದೇ. ಒಬ್ಬ ಹುಡುಗ ಚೀಲವನ್ನು ಕೆನ್ನೆಗೆ ಉಜ್ಜಿಕೊಂಡ, ಆಮೇಲೆ ಬೆರಳಿನಿಂದ ಮುಟ್ಟಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. “ಅಂಟೇ ಇಲ್ಲ ಟೀಚರ್, ಒಣಗಿಹೋಗಿದೆ” ಎಂದ. ಅವನು ಗೋಂದು ಹುಡುಕುತ್ತಿದ್ದ. ಬೆಲ್ಲದ ಪಾಕ, ಹಲಸಿನ ಮೇಣ, ಗೋಂದು ಇವೆಲ್ಲ ಅಂಟುವ ವಸ್ತುಗಳು ಎಂದು ಮನೆಯಲ್ಲಿ ಕಲಿತು ಬಂದ ಮಗು ಬೇರೆ ಇನ್ನೇನು ಹುಡುಕಬೇಕು? ಗೋಂದು ಮುಟ್ಟಿದ ಮೇಲೆ ಹಿಡಿಯುತ್ತದೆ, ಯಾವುದನ್ನಾದರೂ ಹಿಡಿಯುತ್ತದೆ. ಸೂಜಿಗಲ್ಲು ಮುಟ್ಟುವ ಮೊದಲೇ ಎಳೆಯುತ್ತದೆ, ಕೆಲವನ್ನು ಮಾತ್ರ ಎಳೆಯುತ್ತದೆ. ಅಲ್ಲಿಂದ ಮುಂದೆ ಅಂಟು ಎಂಬ ಮಾತನ್ನು ನಾನು ಬಿಟ್ಟೆ. “ಎಳೆಯುತ್ತದೆಯೇ?” ಎಂದು ಕೇಳತೊಡಗಿದೆ. ಒಂದು ದಾರದ ತುದಿಗೆ ಪಿನ್ನು ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೆಲಕ್ಕೆ ಅಂಟಿಸಿ, ಚೀಲವನ್ನು ಮೇಲಿನಿಂದ ಹತ್ತಿರ ತಂದೆ. ಪಿನ್ನು ಎದ್ದು ಗಾಳಿಯಲ್ಲಿ ನಿಂತಿತು, ಚೀಲಕ್ಕೂ ಪಿನ್ನಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗವಿತ್ತು. ಗೋಂದು ಹುಡುಕುತ್ತಿದ್ದ ಹುಡುಗ ಆ ಜಾಗದಲ್ಲಿ ಬೆರಳು ಆಡಿಸಿ ನೋಡಿದ. ಮತ್ತೆ ಅಂಟಿನ ಮಾತು ಅವನು ಆಡಲಿಲ್ಲ.

ಹೆಸರಿನ ವಿಷಯದಲ್ಲೂ ಅಷ್ಟೇ. ಅಯಸ್ಕಾಂತ ಎಂಬುದು ಬಹಳ ಸುಂದರವಾದ ಪದ. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಬ್ಬಿಣ ಒಲಿದು ಹೋಗುವ ಕಲ್ಲು. ಆದರೆ ಪದದೊಳಗೆ ಉತ್ತರವೂ ಕುಳಿತಿದೆ. ಸೂಜಿಗಲ್ಲು ಎಂದರೆ ಮಕ್ಕಳ ನಾಲಗೆಗೂ ಸುಲಭ, ಸೂಜಿಯನ್ನು ಏನೋ ಮಾಡುವ ಕಲ್ಲು ಎನ್ನುವುದಕ್ಕಿಂತ ಹೆಚ್ಚು ಅದು ಬಿಟ್ಟುಕೊಡುವುದಿಲ್ಲ. ಲೋಹ, ಕಬ್ಬಿಣ ಎಂಬ ಮಾತುಗಳನ್ನೂ ಮೂರು ದಿನ ನಾನಾಗಿ ಆಡಬಾರದು ಎಂದು ನಿರ್ಧರಿಸಿದ್ದೆ. ‘ಲೋಹ ಎಳೆಯುತ್ತದೆ’ ಎಂದು ದೊಡ್ಡವರು ಹೇಳಿಕೊಟ್ಟರೆ ಮಗು ಹಿತ್ತಾಳೆಯ ಗಂಟೆಯನ್ನು ಪರೀಕ್ಷಿಸದೆಯೇ ಕೆಂಪು ಮೊರಕ್ಕೆ ಹಾಕುತ್ತದೆ. ಹಾಗೆ ಹಾಕಿದ ಮಕ್ಕಳನ್ನು ನಾನು ಹಿಂದಿನ ವರ್ಷಗಳಲ್ಲಿ ನೋಡಿದ್ದೇನೆ, ಹೇಳಿಕೊಟ್ಟವಳೂ ನಾನೇ.

ಒಂದೊಂದು ನಿಲ್ದಾಣದಲ್ಲೂ ಮುಟ್ಟುವ ಮೊದಲು ಊಹೆ ಹೇಳಬೇಕಿತ್ತು. ಎಳೆಯುತ್ತದೆ ಎನ್ನುವವರು ಕೈ ಎತ್ತಬೇಕು, ಇಲ್ಲ ಎನ್ನುವವರು ಕೈ ಕಟ್ಟಬೇಕು. ಪಕ್ಕದವರನ್ನು ನೋಡಿ ಕೈ ಎತ್ತುವುದನ್ನು ತಪ್ಪಿಸಲು ಕಣ್ಣು ಮುಚ್ಚಿಸಿದೆ. ಬೆರಳ ಸಂದಿಯಲ್ಲಿ ಇಣುಕುವವರು ಇದ್ದೇ ಇದ್ದರು. ಆದರೂ ಅವರ ಊಹೆಗಳ ಹಿಂದಿನ ಯೋಚನೆ ಕಾಣತೊಡಗಿತು. ಹೊಳೆಯುವುದೆಲ್ಲ ಎಳೆಯುತ್ತದೆ ಎಂಬುದು ಹೆಚ್ಚಿನವರ ಊಹೆ. ಗಟ್ಟಿಯಾದದ್ದು ಎಳೆಯುತ್ತದೆ ಎಂಬುದು ಕೆಲವರದು. ಒಬ್ಬಳು ಮಾತ್ರ, ತಣ್ಣಗಿರುವುದು ಎಳೆಯುತ್ತದೆ ಎಂದಳು. ನನಗೆ ಅವಳ ಊಹೆ ಬಹಳ ಇಷ್ಟವಾಯಿತು, ಏಕೆಂದರೆ ಕಿಟಕಿಯ ಸರಳನ್ನೂ ಮರದ ಚೌಕಟ್ಟನ್ನೂ ಮುಟ್ಟಿ ಹೋಲಿಸಿ ಅವಳು ಹೇಳಿದ್ದಳು. ಕಬ್ಬಿಣ ಕೈಯ ಬಿಸಿಯನ್ನು ಬೇಗ ಹೀರುವುದರಿಂದ ತಣ್ಣಗೆನಿಸುತ್ತದೆ. ಅವಳ ಊಹೆ ನೀರಿನ ಡ್ರಮ್ಮಿನ ಹಿತ್ತಾಳೆ ನಲ್ಲಿಯವರೆಗೂ ನಡೆಯಿತು. ಅಲ್ಲಿ ನಲ್ಲಿ ತಣ್ಣಗಿತ್ತು, ಚೀಲ ಮಾತ್ರ ಜಾರಿ ಕೆಳಗೆ ಬಂತು. ಅವಳು ನಲ್ಲಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿ ಸುಮ್ಮನಾದಳು.

ಈಗ ಬೆಂಚಿನ ಬಳಿಗೆ ಬರುತ್ತೇನೆ. ಮರದ ಹಲಗೆಯ ಮೇಲಿನ ಕೆಂಪು ಬೊಟ್ಟು ನೋಡಿದಾಗ ಮಗು ತಪ್ಪು ಮಾಡಿದೆ ಎಂದೇ ಅಂದುಕೊಂಡಿದ್ದೆ. ಊಟದ ಹೊತ್ತಿನಲ್ಲಿ ಮಕ್ಕಳೆಲ್ಲ ಹೊರಗಿದ್ದಾಗ ಒಂದು ಚೀಲ ತೆಗೆದುಕೊಂಡು ಬೊಟ್ಟಿನ ಮೇಲೆ ಇಟ್ಟೆ. ಕೈಗೆ ಎಳೆತ ಗೊತ್ತಾಯಿತು, ಮೆಲ್ಲಗೆ, ನೀರೊಳಗಿನಿಂದ ಯಾರೋ ಹಿಡಿದಂತೆ. ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಇಲ್ಲ. ಮತ್ತೆ ಬೊಟ್ಟಿನ ಮೇಲೆ ತಂದರೆ ಇದೆ. ಬಣ್ಣ ಬಳಿದ ಹಲಗೆ, ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಉಗುರಿನಿಂದ ಸವರಿದಾಗ ಅಲ್ಲೊಂದು ಸಣ್ಣ ತಗ್ಗಿತ್ತು.

ಮಧ್ಯಾಹ್ನ ಅದನ್ನು ನಾನು ಮಕ್ಕಳಿಗೆ ಹೇಳಲಿಲ್ಲ. ಎರಡು ಜಡೆಯ ಹುಡುಗಿಯ ಗುಂಪನ್ನು ಮತ್ತೆ ಬೆಂಚಿನ ಬಳಿಗೆ ಕಳುಹಿಸಿ, “ಬೆಂಚಿನ ತುಂಬ ಎಳೆಯುತ್ತದೆಯೋ, ಇಲ್ಲೊಂದೇ ಕಡೆ ಎಳೆಯುತ್ತದೆಯೋ?” ಎಂದಷ್ಟೇ ಕೇಳಿದೆ. ಚೀಲ ಎತ್ತಿ ಎತ್ತಿ ಇಡುತ್ತಿದ್ದವರು ಈಗ ಹಲಗೆಯ ಮೇಲೆ ಅದನ್ನು ಮೆಲ್ಲಗೆ ಎಳೆಯತೊಡಗಿದರು. ಅಜ್ಜಿಯರು ಚಾಪೆಯ ಮೇಲೆ ಕಳೆದುಹೋದ ಸೂಜಿಯನ್ನು ಅಂಗೈಯಿಂದ ಸವರಿ ಹುಡುಕುವಂತೆ. ಅರ್ಧ ಗಂಟೆಯಲ್ಲಿ ಬೆಂಚಿನ ಮೇಲೆ ಹನ್ನೆರಡು ಬೊಟ್ಟುಗಳಿದ್ದವು. ಮೊದಲ ತುದಿಯಲ್ಲಿ ನಾಲ್ಕು, ನಡುವೆ ನಾಲ್ಕು, ಕೊನೆಯ ತುದಿಯಲ್ಲಿ ನಾಲ್ಕು. ಒಂದೊಂದು ಸಾಲೂ ಹಲಗೆಗೆ ಅಡ್ಡಲಾಗಿ ನೇರವಾಗಿತ್ತು. ಯಾರೂ ಅಳತೆ ಮಾಡಿ ಅಂಟಿಸಿದ್ದಲ್ಲ. ಒಬ್ಬ ಹುಡುಗ ಬೆಂಚಿನ ಕೆಳಗೆ ತೂರಿ ಮಲಗಿ ಮೇಲೆ ನೋಡಿದ. “ಇಲ್ಲಿ ಅಡ್ಡ ಮರ ಇದೆ ಟೀಚರ್, ಬೊಟ್ಟಿನ ಕೆಳಗೇ ಇದೆ” ಎಂದು ಅಲ್ಲಿಂದಲೇ ಕೂಗಿದ. ಮೂರು ಸಾಲು ಬೊಟ್ಟುಗಳ ಕೆಳಗೆ ಮೂರು ಅಡ್ಡಪಟ್ಟಿಗಳು. ಮಕ್ಕಳು ಬೆಂಚಿನ ಮೂಳೆಗಳನ್ನು ಮೇಲಿನಿಂದ ಗುರುತಿಸಿದ್ದರು.

ಮರುದಿನ ಬೆಳಿಗ್ಗೆ ಊರಿನ ಬಡಗಿಯನ್ನು ಕರೆಸಿದೆ. ಆ ಬೆಂಚು ಅವರದೇ ಕೈಕೆಲಸ.

“ಆಚಾರರೇ, ಈ ಹಲಗೆಯಲ್ಲಿ ಏನಿದೆ ಅಂತ ಮಕ್ಕಳಿಗೆ ಹೇಳಿ” ಎಂದೆ.

ಅವರು ಬೊಟ್ಟುಗಳನ್ನು ನೋಡಿ ನಕ್ಕು, “ಯಾರು ಮೇಡಂ ಇಷ್ಟು ಸರಿಯಾಗಿ ಹಚ್ಚಿದ್ದು?” ಎಂದು ಕೇಳಿದರು. ಮೊಳೆ ಹೊಡೆದ ಮೇಲೆ ಅದರ ತಲೆ ಕೂರುವವರ ಬಟ್ಟೆಗೆ ಸಿಕ್ಕಬಾರದೆಂದು ಇನ್ನೊಂದು ಮೊಂಡು ಮೊಳೆಯಿಂದ ಅದನ್ನು ಒಳಕ್ಕೆ ತಳ್ಳುತ್ತಾರೆ, ಆ ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆಯುತ್ತಾರೆ. ಅದನ್ನೆಲ್ಲ ಅವರು ಕೈಸನ್ನೆಯಲ್ಲಿ ಮಾಡಿ ತೋರಿಸಿದರು. ತಂದಿದ್ದ ಮರದ ತುಂಡಿನ ಮೇಲೆ ಒಂದು ಮೊಳೆ ಹೊಡೆದು, ತಲೆಯನ್ನು ಮುಳುಗಿಸಿ, ಮಕ್ಕಳ ಕೈಗೆ ಕೊಟ್ಟರು. ಎರಡು ಜಡೆಯ ಹುಡುಗಿ ಆ ತುಂಡಿನ ಮೇಲೆ ಚೀಲ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎರಡೂ ಮೊರಗಳನ್ನು ನೋಡಿದಳು. ಆಮೇಲೆ ಮರದ ತುಂಡನ್ನು ನೀಲಿ ಮೊರದಲ್ಲಿಟ್ಟು, ಮೊಳೆ ಇದ್ದ ಜಾಗಕ್ಕೆ ಒಂದು ಕೆಂಪು ಬೊಟ್ಟು ಹಚ್ಚಿದಳು. ಮರ ಎಳೆಯುವುದಿಲ್ಲ, ಒಳಗಿನದು ಎಳೆಯುತ್ತದೆ ಎಂಬುದನ್ನು ನಾನು ಇದಕ್ಕಿಂತ ಚೆನ್ನಾಗಿ ಬರೆಯಲಾರೆ.

ಬೀರುವಿನ ಬಳಿ ಬೇರೆಯೇ ತಕರಾರು ಎದ್ದಿತು. ಚೀಲ ಬೀರುವಿನ ಬಾಗಿಲಿಗೆ ಠಪ್ಪನೆ ಹೋಗಿ ಕುಳಿತಿತು, ಕಿತ್ತರೂ ಸುಲಭಕ್ಕೆ ಬರಲಿಲ್ಲ. ಎಲ್ಲರೂ ಬೊಟ್ಟು ಹಚ್ಚಿದರು, ಒಬ್ಬನನ್ನು ಬಿಟ್ಟು. “ಬೀರು ಬರಲಿಲ್ಲ, ಸೂಜಿಗಲ್ಲೇ ಹೋಯಿತು” ಎಂದು ಅವನ ವಾದ. ಪಿನ್ನು ಸೂಜಿಗಲ್ಲಿನ ಬಳಿಗೆ ಓಡಿ ಬಂದಿತ್ತು. ಬೀರು ನಿಂತಲ್ಲೇ ನಿಂತಿತ್ತು. ಅವನ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಕಾರಣವಿರಲಿಲ್ಲ. ಎಳೆತ ಎರಡೂ ಕಡೆಯಿಂದ ಸಮನಾಗಿರುತ್ತದೆ, ಹಗುರವಾದದ್ದು ಜಾಗ ಬಿಡುತ್ತದೆ. ಇದನ್ನು ಐದು ವರ್ಷದವನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಆಟಿಕೆಯ ಬುಟ್ಟಿಯಿಂದ ಒಂದು ಪ್ಲಾಸ್ಟಿಕ್ ಲಾರಿ ತೆಗೆದು, ಅದರ ಮೇಲೆ ಚೀಲ ಇಟ್ಟು ಬೀರುವಿನ ಹತ್ತಿರ ತಂದೆ, ಲಾರಿ ಉರುಳಿಕೊಂಡು ಬೀರುವಿಗೆ ಹೋಯಿತು. ಆಮೇಲೆ ಚೀಲವನ್ನು ಅವನ ಕೈಗೆ ಕೊಟ್ಟು ಲಾರಿಯಲ್ಲಿ ಕತ್ತರಿ ಇಟ್ಟೆ, ಲಾರಿ ಕತ್ತರಿಯನ್ನು ಹೊತ್ತು ಅವನ ಕಡೆಗೆ ಬಂತು. ಅವನು ಇದನ್ನು ಹತ್ತು ಸಲವಾದರೂ ಮಾಡಿದ. ಬೀರುವಿಗೆ ಬೊಟ್ಟು ಹಚ್ಚಿದ. ಸ್ವಲ್ಪ ಯೋಚಿಸಿ ಚೀಲಕ್ಕೂ ಒಂದು ಬೊಟ್ಟು ಹಚ್ಚಿದ.

ನಾಣ್ಯಗಳಲ್ಲಿ ಒಂದು ರೂಪಾಯಿ, ಎರಡು ರೂಪಾಯಿಯ ಬಿಳಿ ನಾಣ್ಯಗಳು ಎಳೆದವು, ಐದು ರೂಪಾಯಿಯ ಹಳದಿ ನಾಣ್ಯ ಎಳೆಯಲಿಲ್ಲ. ಬಿಳಿಯವು ಉಕ್ಕಿನವು, ಹಳದಿಯದರಲ್ಲಿ ತಾಮ್ರವೇ ಹೆಚ್ಚು. ‘ಹಳದಿ ಎಳೆಯುವುದಿಲ್ಲ’ ಎಂದು ಒಂದು ಗುಂಪು ತೀರ್ಮಾನಕ್ಕೆ ಬಂದಿತ್ತು. ನೋಟಿಸ್ ಬೋರ್ಡಿನ ಹಳದಿ ಮೊಳೆಪಿನ್ನು, ಹಿತ್ತಾಳೆಯ ಬಣ್ಣ ಮಾತ್ರ ಮೇಲೆ ಹೊದ್ದ ಉಕ್ಕು, ಆ ತೀರ್ಮಾನವನ್ನು ಹತ್ತು ನಿಮಿಷವೂ ಉಳಿಯಗೊಡಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಸ್ಟೀಲ್ ಲೋಟ. ನಾನು ಮೊದಲೇ ಬರೆದಿಟ್ಟುಕೊಂಡ ಉತ್ತರಪಟ್ಟಿಯಲ್ಲಿ ‘ಲೋಟ: ಎಳೆಯುವುದಿಲ್ಲ’ ಎಂದಿತ್ತು. ಮನೆಯಲ್ಲಿ ಪರೀಕ್ಷಿಸಿಯೇ ಬರೆದಿದ್ದೆ, ಲೋಟವನ್ನು ಬೋರಲು ಹಾಕಿ ತಳಕ್ಕೆ ಇಟ್ಟು ನೋಡಿದ್ದೆ. ತರಗತಿಯಲ್ಲಿ ಅದೇ ಲೋಟಕ್ಕೆ ಇಬ್ಬರು ಮಕ್ಕಳು ಜಗಳಕ್ಕೆ ಬಿದ್ದರು. ಒಬ್ಬಳು ಕೆಂಪು ಮೊರಕ್ಕೆ ಹಾಕುತ್ತಾಳೆ, ಇನ್ನೊಬ್ಬ ತೆಗೆದು ನೀಲಿಗೆ ಹಾಕುತ್ತಾನೆ. ಇಬ್ಬರೂ ಆಣೆ ಮಾಡಲು ಸಿದ್ಧ. “ನೀನು ಹೇಗೆ ನೋಡಿದೆ, ತೋರಿಸು” ಎಂದು ಇಬ್ಬರಿಗೂ ಹೇಳಿದೆ. ಹುಡುಗ ನನ್ನ ಹಾಗೆಯೇ ತಳಕ್ಕೆ ಇಟ್ಟ. ಏನೂ ಇಲ್ಲ. ಹುಡುಗಿ ಲೋಟವನ್ನು ಅಡ್ಡ ಹಿಡಿದು ಬಾಯಂಚಿಗೆ ಇಟ್ಟಳು. ಬಟ್ಟೆಯ ಚೀಲ ಒಂದು ಕ್ಷಣ ಅಂಚನ್ನು ಹಿಡಿದು ನಿಂತು, ಅವಳು ಕೈ ಅಲುಗಿಸಿದ ಕೂಡಲೇ ಬಿಟ್ಟಿತು. ನಾನೇ ಚೀಲವನ್ನು ತಳದಿಂದ ಬಾಯಿಯವರೆಗೆ ಮೆಲ್ಲಗೆ ಸರಿಸಿದೆ. ತಳದಲ್ಲಿ ಏನೂ ಇಲ್ಲ, ಮೈಯ ನಡುವೆ ಇದೆಯೋ ಇಲ್ಲವೋ ಎಂಬಷ್ಟು, ಬಾಯಂಚಿನಲ್ಲಿ ಸ್ಪಷ್ಟವಾದ ಎಳೆತ. ಒಂದೇ ತಗಡಿನಿಂದ ಮಾಡಿದ, ಬೆಸುಗೆಯಿಲ್ಲದ ಲೋಟ.

ಇದಕ್ಕೆ ಕಾರಣವಿದೆ. ನಮ್ಮ ಪಾತ್ರೆಯ ಸ್ಟೀಲು ಬಹುಪಾಲು ಕಬ್ಬಿಣವೇ. ಅದಕ್ಕೆ ತುಕ್ಕು ಹಿಡಿಯದಂತೆ ಕ್ರೋಮಿಯಂ ಸೇರಿಸುತ್ತಾರೆ, ಜೊತೆಗೆ ನಿಕ್ಕೆಲ್, ಮ್ಯಾಂಗನೀಸುಗಳೂ ಸೇರುತ್ತವೆ. ನಿಕ್ಕೆಲ್ ತಾನಾಗಿ ಸೂಜಿಗಲ್ಲಿಗೆ ಒಲಿಯುವ ವಸ್ತು, ಕಬ್ಬಿಣವೂ ಹಾಗೆಯೇ. ಆದರೆ ಸರಿಯಾದ ಪ್ರಮಾಣದಲ್ಲಿ ಎರಡೂ ಕ್ರೋಮಿಯಂನೊಡನೆ ಬೆರೆತಾಗ ಒಳಗಿನ ಪರಮಾಣುಗಳು ಕೂರುವ ರೀತಿಯೇ ಬದಲಾಗಿ, ಆ ಬೆರಕೆ ಸೂಜಿಗಲ್ಲಿಗೆ ಸ್ಪಂದಿಸದ ಸ್ಟೀಲಾಗುತ್ತದೆ. ಲೋಟದ ತಳ ಹೀಗಿರುತ್ತದೆ. ಚಪ್ಪಟೆ ತಗಡನ್ನು ಅಚ್ಚಿನಲ್ಲಿ ಒತ್ತಿ ಲೋಟವಾಗಿ ಎಳೆದಾಗ ತಳ ಹೆಚ್ಚು ಹಿಂಸೆಪಡುವುದಿಲ್ಲ. ಮೇಲೆ ಹೋದಂತೆ ತಗಡು ಹೆಚ್ಚು ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಬಾಯಂಚನ್ನು ಮತ್ತೆ ಮಡಿಸುತ್ತಾರೆ. ತಣ್ಣಗಿರುವಾಗಲೇ ಹೀಗೆ ಬಗ್ಗಿಸಿ ಎಳೆದ ಕಡೆ ಪರಮಾಣುಗಳ ಜೋಡಣೆ ಅಲ್ಲಲ್ಲಿ ಮತ್ತೆ ಬದಲಾಗಿ, ಸೂಜಿಗಲ್ಲಿಗೆ ಸ್ಪಂದಿಸುವ ರೀತಿಯಾಗುತ್ತದೆ. ಲೋಟ ಎಲ್ಲಿ ಹೆಚ್ಚು ಪೆಟ್ಟು ತಿಂದಿದೆಯೋ ಅಲ್ಲಿ ಎಳೆತ ಹೆಚ್ಚು. ನಿಕ್ಕೆಲ್ ಇಲ್ಲದ ಅಗ್ಗದ ಬಗೆಯ ಸ್ಟೀಲೂ ಪಾತ್ರೆಗಳಲ್ಲಿ ಬಳಕೆಯಾಗುತ್ತದೆ, ಅದು ತಳದಿಂದ ಬಾಯಿಯವರೆಗೂ ಗಟ್ಟಿಯಾಗಿ ಹಿಡಿಯುತ್ತದೆ. ಹೀಗಾಗಿ ಒಂದೇ ಗೂಡಿನ ಎರಡು ಲೋಟಗಳು ಎರಡು ಉತ್ತರ ಕೊಟ್ಟರೆ ಎರಡೂ ಸರಿಯೇ.

ಈ ಕಾರಣವನ್ನೆಲ್ಲ ನಾನು ಮಕ್ಕಳಿಗೆ ಹೇಳಲಿಲ್ಲ, ಅದು ಅವರ ವಯಸ್ಸಿನದಲ್ಲ. ಅವರಿಗೆ ಬೇಕಾದದ್ದು ಲೋಟ ಎಲ್ಲಿರಬೇಕು ಎಂಬ ತೀರ್ಪು. “ಎಲ್ಲಿಡೋಣ?” ಎಂದು ಅವರನ್ನೇ ಕೇಳಿದೆ. ಅರ್ಧ ಮಾಡಬೇಕು ಎಂದು ಒಬ್ಬ ಹೇಳಿದ. ಜಗಳವಾಡಿದ್ದ ಹುಡುಗಿ ಲೋಟವನ್ನು ಎತ್ತಿ, ಎರಡು ಮೊರಗಳ ನಡುವಿನ ಬರಿಯ ನೆಲದ ಮೇಲೆ ಇಟ್ಟಳು, ಬಾಯಂಚಿಗೆ ಒಂದು ಬೊಟ್ಟು ಹಚ್ಚಿದಳು. ಅದಾದ ಮೇಲೆ ಆ ನೆಲ ತುಂಬತೊಡಗಿತು. ಪೆನ್ಸಿಲ್ ಕೆತ್ತುವ ಮೆಂಡರ್ ಬಂತು, ಪ್ಲಾಸ್ಟಿಕ್ ಮೈ, ಬ್ಲೇಡಿನ ಮೇಲೆ ಬೊಟ್ಟು. ಊಟದ ಡಬ್ಬಿ ಬಂತು, ಅದರ ಕೊಂಡಿಯ ಮೇಲೆ ಬೊಟ್ಟು. ಕೂದಲಿನ ಕ್ಲಿಪ್ಪು ಬಂತು, ಒಳಗಿನ ಸ್ಪ್ರಿಂಗಿಗೆ ಬೊಟ್ಟು ಹಚ್ಚಲು ಜಾಗ ಸಾಲದೆ ಅಂಗಿಗೆ ಹಚ್ಚಿಕೊಂಡರು. ಮೊದಲ ದಿನ ಇವೆಲ್ಲ ಏನಾದರೊಂದು ಮೊರದಲ್ಲಿ ಇದ್ದವು. ಮೂರನೆಯ ದಿನ ಮಕ್ಕಳೇ ಎತ್ತಿ ತಂದು ನಡುವೆ ಇಟ್ಟರು. ಮಗುವಿಗೆ ಎಷ್ಟು ತಿಳಿದಿದೆ ಎಂದು ನೋಡಲು ನಾನು ಬೇರೆ ಪರೀಕ್ಷೆ ಮಾಡಲಿಲ್ಲ. ಹೊಸ ವಸ್ತು ಕೊಟ್ಟಾಗ ಚೀಲವನ್ನು ಒಂದೇ ಸಲ ತಟ್ಟಿ ಮೊರಕ್ಕೆ ಎಸೆಯುವವರು ಯಾರು, ವಸ್ತುವಿನ ಉದ್ದಕ್ಕೂ ಸವರಿ ನಿಲ್ಲುವವರು ಯಾರು ಎಂದು ಗಮನಿಸಿದೆ. ಇಪ್ಪತ್ತೆರಡರಲ್ಲಿ ಹದಿನಾಲ್ಕು ಮಕ್ಕಳು ಸವರಿದರು. ಉಳಿದ ಎಂಟು ಮಕ್ಕಳ ಜೊತೆ ಈ ವಾರ ಇನ್ನೊಮ್ಮೆ ಬೆಂಚಿನ ಬಳಿ ಕೂರುವುದಿದೆ.

ಜಗಲಿಯ ಗಂಟೆಯ ವಿಷಯ ಹೇಳಲು ಹೆಚ್ಚಿಲ್ಲ. ನಮ್ಮ ಶಾಲೆಯ ಗಂಟೆ ಎಂದರೆ ತಂತಿಯಲ್ಲಿ ನೇತುಹಾಕಿದ ರೈಲು ಹಳಿಯ ಒಂದು ತುಂಡು. ಚೀಲ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಬಿಡಿಸಲು ನಾನೇ ಬರಬೇಕಾಯಿತು. ಕೆಳಗಿನ ಮರಳಿಗೆ ಬಿದ್ದ ಇನ್ನೊಂದು ಚೀಲಕ್ಕೆ ಕಪ್ಪು ಕೂದಲಿನಂಥ ಗಡ್ಡ ಬೆಳೆದಿತ್ತು, ಅದು ಮರಳಿನಲ್ಲಿರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನ ಕಣ. ಬಟ್ಟೆಯ ಚೀಲವಿದ್ದರೆ ಸೂಜಿಗಲ್ಲನ್ನು ಹೊರತೆಗೆದ ಕೂಡಲೇ ಗಡ್ಡ ಉದುರುತ್ತದೆ. ಬರಿಯ ಕಲ್ಲಿಗೆ ಹತ್ತಿದರೆ ದಿನವಿಡೀ ಒರೆಸಿದರೂ ಹೋಗದು.

ಮೂರನೆಯ ದಿನದ ಕೊನೆಗೆ ಅಡುಗೆಯವರು ಲೋಟ ಕೇಳಿಕೊಂಡು ಬಂದರು. ಬಿಸಿಯೂಟದ ಲೆಕ್ಕಕ್ಕೆ ಒಂದು ಕಡಿಮೆಯಾಗಿತ್ತು. ಬೊಟ್ಟು ಹಚ್ಚಿದ ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

“ಇದರ ಬಾಯಿ ಎಳೆಯುತ್ತದೆ ಅಮ್ಮಾ, ತಳ ಎಳೆಯುವುದಿಲ್ಲ.”

“ಹೌದಾ ಮಗಳೇ? ನಮ್ಮ ಸೌಟು?” ಎಂದು ಅವರು ಕೇಳಿದರು.

ಹುಡುಗಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಒಂದು ಚೀಲ ಕೊಟ್ಟೆ. ಸಂಜೆ ಬಾಗಿಲು ಹಾಕಲು ಅಡುಗೆಮನೆಯ ಕಡೆ ಹೋದಾಗ ತೊಳೆದ ತಟ್ಟೆಗಳು ಒಂದೇ ಅಟ್ಟಿಯಾಗಿ ಇರಲಿಲ್ಲ, ಮೂರು ಅಟ್ಟಿಗಳಾಗಿದ್ದವು. ಅವರು ಸೌಟಿನ ಹಿಡಿಯ ಮೇಲೆ ಚೀಲವನ್ನು ತುದಿಯಿಂದ ಮೆಲ್ಲಗೆ ಸವರುತ್ತಾ ಕುಳಿತಿದ್ದರು.